ತೊಗರಿ ತೇವಾಂಶದ ಲೆಕ್ಕಾನೇ ಬ್ಯಾಳಿ ಪ್ರೋಟೀನಿಗೂ

ಹೋದ ವಾರ ತೊಗರಿ ತೇವಾಂಶದ ಬಗ್ಗೆ ಬರೆದಿದ್ದೆ. 14ರ ತೇವಾಂಶ ಇರೋ ಒಂದು ಕ್ವಿಂಟಲ್ ತೊಗರಿಯನ್ನು ಬಿಸಿಲಿಗೆ ಹಾಕಿ 10ಕ್ಕೆ ಇಳಿಸಿದರೆ ತೂಕ ಸುಮಾರು 95.5 ಕಿಲೋ ಆಗ್ತದ, ಆದ್ರ ಕಾಳಿನೊಳಗಿನ ಮಾಲು ಅದೇ 86 ಕಿಲೋ, ಹೋಗಿದ್ದು ನೀರು ಮಾತ್ರ ಅಂತ. ಅದನ್ನ ಓದಿ ಒಬ್ಬರು ಫೋನ್ ಮಾಡಿ, ಇಷ್ಟೆಲ್ಲ ಲೆಕ್ಕ ಯಾಕ್ರಿ, ಅಡತಿಯವ ಹೇಳಿದ್ದೇ ರೇಟು ಅಂದ್ರು. ಇರ್ಲಿ. ಇವತ್ತು ಅದೇ ಲೆಕ್ಕ ಉಲ್ಟಾ ಮಾಡಿ ಬರೀತೀನಿ. ಅಂದ್ರ ಕಾಳಿನಿಂದ ನೀರು ಹೋಗೋದಲ್ಲ, ಬ್ಯಾಳಿಯೊಳಗ ನೀರು ಬರೋದು.

ವಿಷಯ ಏನಂದ್ರ, ನಮ್ಮ ಅವ್ವ ದೀಪಾವಳಿ ಮುಂದ ಬಚ್ಚಲದಾಗ ಜಾರಿ ಬಿದ್ದು ತೊಡಿ ಎಲುಬು ಮುರಿದು ಆಪರೇಷನ್ ಆತು. ಡಾಕ್ಟರು ಬಿಡುಗಡೆ ಮಾಡೋವಾಗ ಚೀಟಿಯಲ್ಲಿ ಗುಳಿಗೆ ಜೊತೆ ಒಂದು ಸಾಲು ಬರೆದರು: ದಿನಕ್ಕೆ 50 ಗ್ರಾಂ ಪ್ರೋಟೀನ್. ಅವ್ವನ ತೂಕ 45 ಕಿಲೋ. ಗಾಯ ಮಾಯಬೇಕು, ಕಾಲಿನ ಮಾಂಸ ಕರಗಬಾರದು, ವಾಕರ್ ಹಿಡಿದು ನಡೀಬೇಕು, ಅದಕ್ಕ ಇದು ಬೇಕು ಅಂದ್ರು.

ನಮ್ಮ ತಮ್ಮನ ಮಗ ಜಿಮ್‌ಗೆ ಹೋಗೋ ಹುಡುಗ. ಅವನ ಹತ್ತಿರ ಸಣ್ಣ ಡಿಜಿಟಲ್ ತಕ್ಕಡಿ ಅದ, ಫೋನಿನಾಗ ಆ್ಯಪ್ ಅದ. ಅಜ್ಜಿ ಊಟದ ಲೆಕ್ಕ ನಾನೇ ಇಡ್ತೀನಿ ದೊಡ್ಡಪ್ಪ ಅಂದ. ಪ್ರೀತಿಯಿಂದಾನೇ ಮಾಡಿದ, ಅದರೊಳಗ ಎರಡು ಮಾತಿಲ್ಲ. ಮುಂಜಾನೆ ಒಂದು ವಾಟಿ ಪಪ್ಪು ತೂಗಿದ, 150 ಗ್ರಾಂ. ರಾತ್ರಿ ಇನ್ನೊಂದು ವಾಟಿ, 150 ಗ್ರಾಂ. ಆ್ಯಪಿನಾಗ ತೊಗರಿ ಬ್ಯಾಳಿ 100 ಗ್ರಾಂಗೆ 22 ಗ್ರಾಂ ಪ್ರೋಟೀನ್ ಅಂತ ಇತ್ತು. 300 ಗ್ರಾಂಗೆ 66 ಆತು. ಅಜ್ಜಿಗೆ ಬ್ಯಾಳಿಯಿಂದಾನೇ 50 ದಾಟ್ಯದ, ರಾತ್ರಿ ಹಾಲು ಮತ್ತ ಶೇಂಗಾ ಹಿಂಡಿ ಸುಮ್ನೆ ಹೊಟ್ಟಿಗೆ ಭಾರ ಅಂತ ಹೇಳಿ ನಾಲ್ಕು ದಿನ ಅವೆರಡನ್ನೂ ನಿಲ್ಲಿಸಿಬಿಟ್ಟಿದ್ದ. ಅವ್ವಗ ಮೊದಲೇ ಊಟ ಸೇರ್ತಿರಲಿಲ್ಲ, ಬ್ಯಾಡ ಅಂದ್ರ ಸಾಕು.

ಈ 22 ಅನ್ನೋ ಅಂಕಿ ಸುಳ್ಳಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯವರು 2017ರಲ್ಲಿ ತಂದ ಪಟ್ಟಿಯಲ್ಲೂ ತೊಗರಿ ಬ್ಯಾಳಿಗೆ ಹೆಚ್ಚುಕಡಿಮೆ ಅಷ್ಟೇ ಅದ. ಆದ್ರ ಅದು ಡಬ್ಬಿಯಾಗಿನ ಒಣ ಬ್ಯಾಳಿಯ ಅಂಕಿ. ಹುಡುಗ ತೂಗಿದ್ದು ವಾಟಿಯಾಗಿನ ಪಪ್ಪು. ಅಡತಿಯಾಗ ನೆನೆದ ತೊಗರಿ ತೂಗಿ ಒಣ ತೊಗರಿ ರೊಕ್ಕ ಕೇಳಿದಂಗ ಆತು ಇದು.

ನಾನು ಅವಗ ಬೈಯಲಿಲ್ಲ, ಒಂದೇ ಪ್ರಶ್ನೆ ಕೇಳಿದೆ. ಮನ್ಯಾಗ ಒಂದು ಹೊತ್ತಿಗೆ ಆರು ಮಂದಿಗೆ ಎಷ್ಟು ಬ್ಯಾಳಿ ಹಾಕ್ತಾರ? ಮನೆಯವರನ್ನ ಕೇಳಿ ತೂಗಿ ನೋಡಿದ್ರ 200 ಗ್ರಾಂ. ಅದೇ ಪಪ್ಪು ಒಗ್ಗರಣಿ ಹಾಕಿ ಇಳಿಸಿದ ಮ್ಯಾಲ ಬೋಗಾಣಿ ಸಮೇತ ತೂಗಿದ್ವಿ, 2020 ಗ್ರಾಂ. ಖಾಲಿ ಬೋಗಾಣಿ 620. ಅಂದ್ರ ಪಪ್ಪು 1400 ಗ್ರಾಂ. ಈಗ ನಿನ್ನ ಆ್ಯಪಿನ ಲೆಕ್ಕದಾಗ ಈ 1400 ಗ್ರಾಂ ಪಪ್ಪಿನಾಗ ಪ್ರೋಟೀನ್ ಎಷ್ಟು ಅಂದೆ. ಗುಣಿಸಿದ, 308 ಗ್ರಾಂ ಬಂತು. ಹಾಕಿದ ಬ್ಯಾಳಿನೇ 200 ಗ್ರಾಂ, ಅದರಾಗಿನ ಪ್ರೋಟೀನ್ 308 ಗ್ರಾಂ ಹೆಂಗ ಆಗ್ತದ? ಹುಡುಗ ಸುಮ್ನೆ ಕೂತು ತಕ್ಕಡಿ ನೋಡಿದ.

ಸರಿ ಲೆಕ್ಕ ಹಿಂಗದ. 200 ಗ್ರಾಂ ಒಣ ಬ್ಯಾಳಿಯಾಗ ಪ್ರೋಟೀನ್ 44 ಗ್ರಾಂ. ಬೇಯಿಸಿದ್ರೂ ಅಷ್ಟೇ, ನೀರು ಹಾಕಿದ್ರೂ ಅಷ್ಟೇ, ಮೂರು ಸೀಟಿ ಆದ್ರೂ ಆರು ಸೀಟಿ ಆದ್ರೂ ಅಷ್ಟೇ. ನೀರಿನಾಗ ಪ್ರೋಟೀನ್ ಇಲ್ಲ, ಹಬೆ ಜೊತೆ ಪ್ರೋಟೀನ್ ಹಾರಿ ಹೋಗಂಗಿಲ್ಲ. ಆ 44 ಗ್ರಾಂ ಈಗ 1400 ಗ್ರಾಂ ಪಪ್ಪಿನಾಗ ಹಂಚಿಕೊಂಡು ಕೂತದ. 100 ಗ್ರಾಂ ಪಪ್ಪಿಗೆ 3 ಗ್ರಾಂಗಿಂತ ಚೂರು ಹೆಚ್ಚು. ಅವ್ವ ಉಂಡ 150 ಗ್ರಾಂ ವಾಟಿಯಾಗ ಇದ್ದದ್ದು 4.7 ಗ್ರಾಂ. ಎರಡು ಹೊತ್ತು ಸೇರಿಸಿದರೆ 9.4. ಆ್ಯಪು ತೋರಿಸಿದ್ದು 66. ಏಳು ಪಟ್ಟು ಫರಕು!

ಇದರ ಮ್ಯಾಲೆ ಮೂರು ಜೋಳದ ರೊಟ್ಟಿ (ಸಣ್ಣ ರೊಟ್ಟಿ, ಒಂದಕ್ಕ 50 ಗ್ರಾಂ ಹಿಟ್ಟು) ಹಿಡಿದ್ರ 15 ಗ್ರಾಂ, ಒಂದು ಹಿಡಿ ಅಕ್ಕಿ ಅನ್ನಕ್ಕ 4 ಗ್ರಾಂ. ಒಟ್ಟು 28. ಡಾಕ್ಟರು ಹೇಳಿದ್ದರ ಅರ್ಧಕ್ಕಿಂತ ಚೂರು ಮ್ಯಾಲೆ. ನಾಲ್ಕು ದಿನ ಅವ್ವ ಅಷ್ಟರ ಮ್ಯಾಲೆನೇ ಇದ್ದಳು, ಲೆಕ್ಕದಾಗ ಮಾತ್ರ ಹೊಟ್ಟಿ ತುಂಬಿತ್ತು.

ಹಂಗಾದ್ರ ಬೇಯಿಸಿದ ಬ್ಯಾಳಿಗೆ 100 ಗ್ರಾಂಗೆ ಇಷ್ಟು ಅಂತ ಒಂದು ಅಂಕಿ ಬರೆದು ಇಟ್ಕೊಂಡ್ರ ಆಗಲ್ವಾ ಅಂತ ತಮ್ಮ ಕೇಳಿದ. ಆಗಂಗಿಲ್ಲ. ಅಂದು ಕುಕ್ಕರ್‌ನಾಗ 200 ಗ್ರಾಂ ಬ್ಯಾಳಿಗೆ 600 ಗ್ರಾಂ ನೀರು ಹಾಕಿದ್ರು. ಮುಚ್ಚಳ ತೆಗೆದಾಗ ಬರೇ ಬ್ಯಾಳಿ 765 ಗ್ರಾಂ ಇತ್ತು, 35 ಗ್ರಾಂ ಹಬೆ ಆಗಿ ಹೋಗಿತ್ತು. ಆ ಗಟ್ಟಿ ಬ್ಯಾಳಿಯಾಗ 100 ಗ್ರಾಂಗೆ 5.75 ಗ್ರಾಂ ಪ್ರೋಟೀನ್. ಅದಕ್ಕೇ ನೀರು, ಟೊಮ್ಯಾಟೊ, ಹುಣಸಿಹಣ್ಣಿನ ರಸ, ಒಗ್ಗರಣಿ ಹಾಕಿದಾಗ 1400 ಆಗಿ 3ಕ್ಕೆ ಇಳೀತು. ನೆಂಟರು ಬಂದ್ರು ಅಂತ ಇನ್ನೆರಡು ತಂಬಿಗಿ ನೀರು ಸುರುವಿದ್ರ ಅದಕ್ಕಿಂತಲೂ ಕೆಳಗ ಹೋಗ್ತದ. ನೀರು ಎಷ್ಟು ಅನ್ನೋದು ಅಡುಗಿ ಮಾಡೋರ ಕೈಯಾಗಿನ ಮಾತು, ಆ್ಯಪು ಬರೆದವಗ ಅದು ಹೆಂಗ ಗೊತ್ತಾಗ್ತದ? ಅದಕ್ಕ ಆ್ಯಪಿನಾಗ raw ಅಂತ ಇರೋ ಸಾಲೇ ಹಿಡೀರಿ, cooked ಅಂತ ಇರೋದು ಯಾರದೋ ಮನಿ ಪಪ್ಪು. raw ಅಂದ್ರ ಹಸಿ ಅಂತ ತಿಳಿದು ನೆನೆಸಿದ ಬ್ಯಾಳಿ ತೂಗಬ್ಯಾಡ್ರಿ ಮತ್ತ. ನೆನೆದ ಬ್ಯಾಳಿ ಆಗಲೇ ನೀರು ಕುಡಿದು ಭಾರ ಆಗಿರ್ತದ. ತೊಳಿಯೋಕಿಂತ ಮುಂಚೆ, ಡಬ್ಬಿಯಿಂದ ತೆಗೆದ ಕೂಡಲೇ ತೂಗಬೇಕು.

ನಾವು ಈಗ ಮಾಡೋದು ಇಷ್ಟೇ. ಒಣ ಬ್ಯಾಳಿ ತೂಗಿ ಕ್ಯಾಲೆಂಡರ್ ಮ್ಯಾಲೆ ಬರೀತೀವಿ. ಖಾಲಿ ಬೋಗಾಣಿ ತೂಕ ಅದರ ತಳಕ್ಕ ಮಾರ್ಕರ್‌ನಿಂದ ಬರೆದು ಇಟ್ಟೀವಿ, ದಿನಾ ತೂಗೋದು ತಪ್ತದ. ಅಡುಗಿ ಪೂರಾ ಆದ ಮ್ಯಾಲೆ, ಬಡಿಸೋ ಮೊದಲು, ತುಂಬಿದ ಬೋಗಾಣಿ ತೂಗಿ ಖಾಲಿ ತೂಕ ಕಳೀತೀವಿ. ಆಮ್ಯಾಲೆ ಅವ್ವನ ವಾಟಿ. ಒಣ ಬ್ಯಾಳಿ ತೂಕವನ್ನ ಅವ್ವನ ವಾಟಿ ತೂಕದಿಂದ ಗುಣಿಸಿ, ಒಟ್ಟು ಪಪ್ಪಿನ ತೂಕದಿಂದ ಭಾಗಿಸಿದ್ರ ಅವ್ವನ ಪಾಲಿಗೆ ಎಷ್ಟು ಒಣ ಬ್ಯಾಳಿ ಬಂತು ಅಂತ ಸಿಗ್ತದ. ಅಂದಿನ ಲೆಕ್ಕದಾಗ 200 × 150 ÷ 1400, ಅಂದ್ರ 21 ಗ್ರಾಂ ಬ್ಯಾಳಿ. ಅದರ ಐದನೇ ಒಂದು ಪಾಲಿಗಿಂತ ತುಸು ಹೆಚ್ಚು ಪ್ರೋಟೀನ್. ಎಸ್ಸೆಸ್ಸೆಲ್ಸಿ ಗಣಿತ ಸಾಕು ಇದಕ್ಕ. ಒಂದು ಮಾತು, ಬೀಜೋಪಚಾರದ ಪುಡಿ ತೂಗೋ ತಕ್ಕಡಿನ ಅಡುಗಿ ಮನಿಗೆ ತರಬ್ಯಾಡ್ರಿ, ಬೇರೆನೇ ಇರ್ಲಿ.

ಈ ಲೆಕ್ಕ ಎರಡು ಕಡೆ ಕೈ ಕೊಡ್ತದ. ಒಂದು, ತೆಳು ಪಪ್ಪಿನಾಗ ಬ್ಯಾಳಿ ತಳಕ್ಕ ಕೂಡ್ತದ. ಮ್ಯಾಲಿನಿಂದ ಸೌಟು ಹಾಕಿದ್ರ ತಿಳಿ ಬರ್ತದ, ತಳದಿಂದ ಹಾಕಿದ್ರ ಗಟ್ಟಿ. ಮೊದಲು ಬಡಿಸಿಕೊಂಡವಗೂ ಕೊನಿಗೆ ಉಂಡವಗೂ ಒಂದೇ ಅಂಕಿ ಹಿಡಿದ್ರ ಸುಳ್ಳಾಗ್ತದ. ನಮ್ಮಲ್ಲಿ ವಯಸ್ಸಾದವರಿಗೆ ಮೊದಲು ಬಡಿಸೋ ಪದ್ಧತಿ, ತಿಳಿನೇ ಅವರ ಪಾಲಿಗೆ ಬರ್ತದ. ಕಡೆಗೋಲಿನಿಂದ ಚಲೋ ಕಡೆದು, ಬಡಿಸೋವಾಗ ತಳದಿಂದ ಕಲಕಿ ಹಾಕ್ರಿ. ಇನ್ನೊಂದು, ಹೋಳಿಗಿ ಮಾಡೋ ದಿನ. ಬ್ಯಾಳಿ ಬೇಯಿಸಿ ಕಟ್ಟು ಬಸಿತೀವಲ್ಲ, ಆ ನೀರಿನಾಗ ಒಂದಿಷ್ಟು ಪ್ರೋಟೀನ್ ಕರಗಿ ಹೋಗಿರ್ತದ. ಹೂರಣದಾಗ ಎಷ್ಟು, ಕಟ್ಟಿನ ಸಾರಿನಾಗ ಎಷ್ಟು ಅಂತ ಮನ್ಯಾಗ ತೂಗಿ ಹೇಳಾಕ ಆಗಂಗಿಲ್ಲ. ಹೋಳಿಗಿ ದಿನ ಲೆಕ್ಕ ಬಿಟ್ಟುಬಿಡ್ರಿ, ಉಣ್ರಿ.

ಬೇಯಿಸಿದ್ರ ಸತ್ವ ಹೋಗ್ತದ ಅಂತ ನಮ್ಮ ಓಣಿಯಾಗ ಇಬ್ಬರು ಮೂವರು ಅಂದ್ರು. ಬೆಂಕಿಗೆ ಪ್ರೋಟೀನಿನ ಗಂಟು ಬಿಚ್ಕೊಳ್ತದ, ಮಾಯ ಆಗಂಗಿಲ್ಲ. ತತ್ತಿ ಬೇಯಿಸಿದ್ರ ನೀರಾಗಿದ್ದದ್ದು ಗಟ್ಟಿ ಆಗ್ತದಲ್ಲ, ಹಂಗ ರೂಪ ಬದಲಾಗ್ತದ ಅಷ್ಟೇ. ಉಲ್ಟಾ, ಹಸಿ ಕಾಳಿನಾಗ ಪ್ರೋಟೀನ್ ಜೀರ್ಣ ಆಗೋಕೆ ಅಡ್ಡ ಬರೋ ಅಂಶ ಇರ್ತಾವ, ಬೇಯಿಸಿದಾಗ ಅವು ಬಹಳಷ್ಟು ಕೆಡ್ತಾವ. ಹಂಗಾಗಿ ಬೆಂದ ಬ್ಯಾಳಿನೇ ಮೈಗೆ ಹತ್ತೋದು.

ಅವ್ವಗ ಏನು ಮಾಡಿದ್ವಿ ಅಂದ್ರ, ಕುಕ್ಕರ್ ಮುಚ್ಚಳ ತೆಗೆದ ಕೂಡಲೇ, ನೀರು ಬೆರೆಸೋಕಿಂತ ಮುಂಚೆ, ಅವ್ವನ ಪಾಲು 150 ಗ್ರಾಂ ಗಟ್ಟಿ ಬ್ಯಾಳಿ ಬೇರೆ ತೆಗೀತೀವಿ. ಉಪ್ಪು, ತುಪ್ಪ, ಚೂರು ಒಗ್ಗರಣಿ. ಅದೇ ವಾಟಿ, ಅಷ್ಟೇ ತುತ್ತು, ಆದ್ರ 4.7 ಇದ್ದದ್ದು 8.6 ಆತು. ಅವ್ವಗ ಹೆಚ್ಚು ಉಣ್ಣೋಕೆ ಆಗಲ್ಲ, ಅದಕ್ಕ ಇದು ಬಹಳ ಉಪಯೋಗ ಆತು. ಉಳಿದವರ ಪಾಲು ಕಡಿಮೆ ಆಗಬಾರದು ಅಂತ ಒಂದು ಹಿಡಿ ಬ್ಯಾಳಿ ಹೆಚ್ಚು ಹಾಕ್ತೀವಿ, ಆ ಹಿಡಿನೂ ತೂಗಿನೇ. ಎರಡು ಹೊತ್ತು ಬ್ಯಾಳಿಯಿಂದ 17, ರೊಟ್ಟಿ ಅನ್ನದಿಂದ 19, ನಿಲ್ಲಿಸಿದ್ದ ಹಾಲು ಎರಡು ಲೋಟ ಮತ್ತ ಶುರು ಮಾಡಿದ್ದಕ್ಕ 10, ಶೇಂಗಾ ಹಿಂಡಿ ಎರಡು ಚಮಚದಿಂದ 4-5. ಚೀಟಿಯ 50ಕ್ಕೆ ಬಂದು ನಿಂತದ.

ಕಿಡ್ನಿ ತೊಂದರೆಗೆ ಪ್ರೋಟೀನ್ ಕಡಿಮೆ ಮಾಡ್ರಿ ಅಂತ ಚೀಟಿ ಬರೆಸಿಕೊಂಡವರು ನಮ್ಮ ಊರಾಗೂ ಇದ್ದಾರ. ಅವರ ಚೀಟಿಯಾಗ ಬ್ಯಾಳಿ 30 ಗ್ರಾಂ ಅಂತ ಇದ್ರ ಅದು ಒಣ ತೂಕವೋ ಬೇಯಿಸಿದ ತೂಕವೋ ಅಂತ ಆ ಡಾಕ್ಟರನ್ನೇ ಬಾಯಿಬಿಟ್ಟು ಕೇಳ್ರಿ. 30 ಗ್ರಾಂ ಒಣ ಬ್ಯಾಳಿ ಅಂದ್ರ ನಮ್ಮ ಮನಿ ಪಪ್ಪಿನಾಗ 210 ಗ್ರಾಂ. 30 ಗ್ರಾಂ ಪಪ್ಪು ಅಂದ್ರ ಎರಡು ಚಮಚ. ಎರಡಕ್ಕೂ ಬಹಳ ಅಂತರ ಅದ, ಸುಮ್ನೆ ಅಂದಾಜು ಮಾಡೋ ಜಾಗ ಅಲ್ಲ ಅದು.

ಹುಡುಗ ಈಗ ತನ್ನ ಊಟಾನೂ ಹಿಂಗೇ ತೂಗಾಕ ಹತ್ಯಾನ. ಜಿಮ್‌ನಾಗ 90 ಗ್ರಾಂ ಉಣ್ತೀನಿ ಅಂತ ಹೇಳ್ಕೊಂಡು ತಿರುಗ್ತಿದ್ದವ ಮೊನ್ನೆ 48 ಬಂತು ದೊಡ್ಡಪ್ಪ ಅಂದ. ಮುಂದಿನ ವಾರ ಕಡ್ಲಿಗೆ ಕಾಯಿಕೊರಕ ಹುಳು ಎಷ್ಟು ಬಿದ್ದಾವ ಅಂತ ನೋಡಿ ಬರೀತೀನಿ.