ಕಂತಿಗೊಂದು ಗುರುತು

ಮೆಷಿನ್ ಕೊಳ್ಳುವಾಗ ಕೊಟೇಶನ್ನಿನ ಮೊದಲ ಪುಟದಲ್ಲಿರೋ ಬೆಲೆಯನ್ನು ಎಲ್ಲರೂ ನೋಡ್ತಾರೆ, ಚೌಕಾಸಿಯನ್ನೂ ಮಾಡ್ತಾರೆ. ಕೊನೇ ಪುಟದಲ್ಲಿ ಸಣ್ಣಕ್ಷರದ ಒಂದು ಸಾಲಿರುತ್ತೆ, ಅದನ್ನು ನೋಡೋರು ಕಮ್ಮಿ. ಆರ್ಡರ್ ಜೊತೆ ಶೇ. 30 ಮುಂಗಡ, ಉಳಿದ ಶೇ. 70 ಮಾಲು ಕಳಿಸುವ ಮೊದಲು. ಅಂದ್ರೆ ಲಾರಿ ಅವರ ಗೇಟು ದಾಟೋ ಹೊತ್ತಿಗೆ ನಿಮ್ಮ ದುಡ್ಡಷ್ಟೂ ಅವರ ಕೈ ಸೇರಿರುತ್ತೆ. ಮೆಷಿನ್ ಮಾತ್ರ ಇನ್ನೂ ಪ್ಯಾಕಿಂಗಿನೊಳಗೆ ಮಲಗಿರುತ್ತೆ.

ಪೀಣ್ಯದ ನಮ್ಮ ಶೆಡ್ಡಿನಲ್ಲಿ ಮೆಷಿನ್ ನೋಡ್ಕೊಳ್ಳೋದು ಅಣ್ಣ, ದುಡ್ಡು ನೋಡ್ಕೊಳ್ಳೋದು ನಾನು. ಕಳೆದ ಸಲ ಒಂದು ವಿಎಂಸಿ ತಗೊಂಡ್ವಿ. ಬೆಲೆ 32 ಲಕ್ಷ, ಅದರ ಮೇಲೆ ಶೇ. 18 ಜಿಎಸ್‌ಟಿ 5.76 ಲಕ್ಷ, ಒಟ್ಟು 37.76 ಲಕ್ಷ. ಸಾಲಕ್ಕೆ ಅಡ ಬಿದ್ದದ್ದು ಅಪ್ಪ ಕೊಂಡಿದ್ದ ಸೈಟು. ಹಾಗಾಗಿ ಕೊನೇ ಪುಟದ ಆ ಸಾಲನ್ನು ಹಾಗೇ ಒಪ್ಪಿಕೊಳ್ಳೋಕೆ ನನಗೆ ಮನಸ್ಸು ಬರಲಿಲ್ಲ.

ಕಂತು ಕೇಳುವಾಗ ತುಂಬಾ ಜನ ತಾರೀಖು ಬರೀತಾರೆ: ಜೂನ್‌ಗೆ ಇಷ್ಟು, ಆಗಸ್ಟ್‌ಗೆ ಇಷ್ಟು. ಅದರಿಂದ ನಮಗೇನೂ ಲಾಭವಿಲ್ಲ. ಮೆಷಿನ್ ಬರಲಿ ಬಿಡಲಿ, ಓಡಲಿ ಬಿಡಲಿ, ತಾರೀಖು ಬಂದೇ ಬರುತ್ತೆ. ಅದರ ಬದಲು ಒಂದೊಂದು ಕಂತಿಗೂ ಕಣ್ಣಿಗೆ ಕಾಣುವ, ಇಬ್ಬರೂ ಸಹಿ ಹಾಕಬಹುದಾದ ಒಂದು ಗುರುತಿರಬೇಕು. ನಾನು ಬರೆದ ಪತ್ರದಲ್ಲಿ ಅಂಥ ನಾಲ್ಕು ಗುರುತಿದ್ದವು. ಆರ್ಡರ್ ಜೊತೆ ಬೆಲೆಯ ಶೇ. 20. ಅವರ ಕಾರ್ಖಾನೆಗೆ ಹೋಗಿ ಮೆಷಿನ್ ಓಡಿಸಿ ನೋಡಿದ ಮೇಲೆ, ಕಳಿಸೋದಕ್ಕೆ ಮೊದಲು ಶೇ. 50 ಮತ್ತು ಪೂರ್ತಿ ಜಿಎಸ್‌ಟಿ. ನಮ್ಮ ಶೆಡ್ಡಿನಲ್ಲಿ ಕಮಿಷನಿಂಗ್ ಆದ ಮೇಲೆ ಶೇ. 20. ಅಲ್ಲಿಂದ 60 ದಿನ ಓಡಿದ ಮೇಲೆ ಕೊನೆಯ ಶೇ. 10.

ಜಿಎಸ್‌ಟಿಯನ್ನು ಕಂತು ಮಾಡೋಕೆ ಹೋಗಲಿಲ್ಲ. ಇನ್‌ವಾಯ್ಸ್ ಹರಿದ ತಿಂಗಳಿಗೇ ಅವರು ಪೂರ್ತಿ ತೆರಿಗೆ ಲೆಕ್ಕ ಕೊಡಬೇಕು. ಅದನ್ನೂ ನಾವು ಹಿಡಿದಿಟ್ಟುಕೊಂಡ್ರೆ ಅವರು ಕೈಯಿಂದ ಹಾಕಬೇಕಾಗುತ್ತೆ. ಅಂಥ ಪತ್ರ ಸೀದಾ ಕಸದ ಬುಟ್ಟಿಗೆ ಹೋಗುತ್ತೆ.

ಇನ್ನೊಂದು ಮಾತು. ಪತ್ರದಲ್ಲಿ "ಸದ್ಯಕ್ಕೆ ಕೈಯಲ್ಲಿ ಅಷ್ಟಿಲ್ಲ, ದಯವಿಟ್ಟು" ಅಂತ ಬರೀಬೇಡಿ. ಮಾರೋನಿಗೆ ಇರೋ ಭಯವೇ ಅದು. ನಾನು ಬ್ಯಾಂಕಿನ ಸಾಲ ಮಂಜೂರಾತಿ ಪತ್ರದ ನಕಲು ಲಗತ್ತಿಸಿದೆ. ದುಡ್ಡು ಸಿದ್ಧವಾಗಿದೆ, ಅದು ಯಾವಾಗ ಹೊರಡಬೇಕು ಅನ್ನೋದಷ್ಟೇ ಮಾತುಕತೆ ಅನ್ನೋದು ಅವರಿಗೆ ಗೊತ್ತಾಗಬೇಕು.

ಸೇಲ್ಸ್‌ನವರು ಖುದ್ದಾಗಿ ಬಂದ್ರು. "ಮೇಡಂ, ಮಾಲು ನಿಮ್ಮ ಮನೇಲಿ, ಶೇ. 30 ದುಡ್ಡೂ ನಿಮ್ಮ ಹತ್ರ. ನಿಮ್ಮ ಕರೆಂಟು ಕನೆಕ್ಷನ್ ಆರು ತಿಂಗಳು ತಡ ಆದ್ರೆ ನಾನು ಯಾರನ್ನ ಕೇಳಲಿ?" ಅಂದ್ರು. ನ್ಯಾಯವಾದ ಪ್ರಶ್ನೆ. ಕಮಿಷನಿಂಗ್ ಅವರೊಬ್ಬರ ಕೈಯಲ್ಲಿ ಇರೋದಲ್ಲ. ಫೌಂಡೇಶನ್, ಕರೆಂಟು, ಅರ್ಥಿಂಗ್, ಕಂಪ್ರೆಸರ್ ಗಾಳಿ ಇವೆಲ್ಲ ನಮ್ಮ ಕೆಲಸ. ಆದ್ದರಿಂದ ಒಂದು ಸಾಲು ಸೇರಿಸಿದ್ವಿ: ಮೆಷಿನ್ ಬಂದ 30 ದಿನದೊಳಗೆ ನಮ್ಮ ಕಡೆಯ ತಯಾರಿ ಆಗದಿದ್ರೆ, ಕಮಿಷನಿಂಗ್ ಆಗದಿದ್ರೂ ಆ ಕಂತು ಕೊಡ್ತೀವಿ. ಈ ಸಾಲು ಬಂದ ಮೇಲೆ ಅವರ ಮುಖ ಸಡಿಲವಾಯ್ತು. ಕೊನೆಗೆ ಶೇ. 20, 60, 15, 5 ಅಂತ ಒಪ್ಪಂದವಾಯ್ತು. ರೂಪಾಯಿಯಲ್ಲಿ ಹೇಳೋದಾದ್ರೆ 6.40 ಲಕ್ಷ, ತೆರಿಗೆ ಸೇರಿ 24.96 ಲಕ್ಷ, 4.80 ಲಕ್ಷ, 1.60 ಲಕ್ಷ.

ಇಷ್ಟಾದ ಮೇಲೂ ಒಂದು ಕಿಂಡಿ ಉಳಿದಿತ್ತು, ಅದು ಬ್ಯಾಂಕು. ಮೆಷಿನ್ ಸಾಲದ ದುಡ್ಡು ನಮ್ಮ ಕೈಗೆ ಬರೋಲ್ಲ, ಸೀದಾ ಮಾರೋರ ಖಾತೆಗೆ ಹೋಗುತ್ತೆ. ಪ್ರೊಫಾರ್ಮಾ ಇನ್‌ವಾಯ್ಸ್ ನೋಡಿ ಅವರು ಪೂರ್ತಿ ಹಾಕಿಬಿಟ್ರೆ ನಮ್ಮ ನಾಲ್ಕು ಗುರುತೂ ನೀರುಪಾಲು. ಹಾಗಾಗಿ ಒಪ್ಪಂದದ ಪ್ರತಿಯನ್ನು ಮ್ಯಾನೇಜರಿಗೆ ಕೊಟ್ಟು, ಒಂದೊಂದು ಕಂತನ್ನೂ ನಮ್ಮ ಲಿಖಿತ ಕೋರಿಕೆ ಬಂದ ಮೇಲೇ ಬಿಡುಗಡೆ ಮಾಡಬೇಕು ಅಂತ ಬರೆಸಿಕೊಂಡೆ. ಬಿಡುಗಡೆಯಾದಷ್ಟಕ್ಕೇ ಬಡ್ಡಿ ಅನ್ನೋದು ಇದರ ಜೊತೆ ಸಿಕ್ಕ ಲಾಭ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಕಮಿಷನಿಂಗ್ ಅಂದ್ರೆ ಏನು? ನಾವು ಬಿಡಿಸಿ ಬರೀದಿದ್ರೆ ಅದರ ಅರ್ಥ ಅವರ ಸರ್ವಿಸ್ ಇಂಜಿನಿಯರ್ ಹೇಳಿದ್ದೇ ಆಗುತ್ತೆ. ಮೆಷಿನ್ ಲೆವೆಲ್ ಆಯ್ತು, ಕರೆಂಟು ಬಂತು, ಮೂರೂ ಆಕ್ಸಿಸ್ ಓಡಿದ್ವು, ಇಲ್ಲಿ ಸಹಿ ಹಾಕಿ. ಅಣ್ಣ ಅದಕ್ಕೆ ಒಪ್ಪಲಿಲ್ಲ. "ನೋಡಮ್ಮ, ಲೈಟು ಉರಿಯೋದಕ್ಕೆ ನಾವು ದುಡ್ಡು ಕೊಡ್ತಿಲ್ಲ, ಪೀಸು ಬರೋದಕ್ಕೆ ಕೊಡ್ತಿರೋದು" ಅಂದ. ನಾವು ದಿನಾ ಮಾಡುವ ಒಂದು ಅಲ್ಯೂಮಿನಿಯಂ ಹೌಸಿಂಗಿನ ಡ್ರಾಯಿಂಗನ್ನೇ ಒಪ್ಪಂದಕ್ಕೆ ಲಗತ್ತಿಸಿದ್ವಿ. ಅದರಲ್ಲಿ 40 ಮಿಮೀ ಬೋರು, ಮೇಲೆ 25 ಮೈಕ್ರಾನ್‌ವರೆಗೆ ದೊಡ್ಡದಾಗಬಹುದು, ಚಿಕ್ಕದಾಗೋ ಹಾಗಿಲ್ಲ. ಜೊತೆಗೆ 12 ಮಿಮೀ ಆಳದ ಒಂದು ಮೆಟ್ಟಿಲು, ಅದು 20 ಮೈಕ್ರಾನ್ ಆಚೀಚೆ ಆಗಬಹುದು. ಒಂದು ಪೂರ್ತಿ ಶಿಫ್ಟ್ ಓಡಬೇಕು, ಎಲ್ಲಾ ಪೀಸೂ ಪಾಸಾಗಬೇಕು.

ಪೂರ್ತಿ ಶಿಫ್ಟ್ ಅಂತ ಯಾಕೆ ಹಟ ಅಂದ್ರೆ, ಮೊದಲ ಪೀಸು ಯಾವ ಮೆಷಿನ್ನಲ್ಲೂ ಚೆನ್ನಾಗೇ ಬರುತ್ತೆ. ನಮ್ಮಲ್ಲೂ ಬೆಳಗ್ಗೆ ಆಳ ಸರಿಯಾಗಿ 12.00 ಇತ್ತು. ಹನ್ನೊಂದರ ಹೊತ್ತಿಗೆ 12.01, ಊಟದ ಹೊತ್ತಿಗೆ 12.03. ಬೋರಿನ ಅಳತೆ ಅಲ್ಲಾಡಿರಲಿಲ್ಲ, ಯಾಕಂದ್ರೆ ಅದನ್ನು ತೀರ್ಮಾನ ಮಾಡೋದು ಟೂಲು. ಆಳ ಮಾತ್ರ ಹೆಚ್ಚುತ್ತಾ ಹೋಗ್ತಿತ್ತು. ಸ್ಪಿಂಡಲ್ ಬಿಸಿಯಾಗಿ ಉದ್ದವಾಗ್ತಿದೆ ಅನ್ನೋದಕ್ಕೆ ಇದೇ ಲಕ್ಷಣ. ಬೆಳಗಿನ ಐದು ಪೀಸು ನೋಡಿ ಸಹಿ ಹಾಕಿದ್ರೆ ಇದು ಯಾರ ಕಣ್ಣಿಗೂ ಬೀಳ್ತಿರಲಿಲ್ಲ. ಅವರ ಇಂಜಿನಿಯರ್ ಎರಡು ದಿನ ಕೂತು, ಬಿಸಿಗೆ ತಕ್ಕ ತಿದ್ದುಪಡಿಯ ಪ್ಯಾರಾಮೀಟರುಗಳನ್ನು ಸೆಟ್ ಮಾಡಿ, ಬೆಳಗ್ಗೆ ಇಪ್ಪತ್ತು ನಿಮಿಷ ಖಾಲಿ ಓಡಿಸುವ ಪ್ರೋಗ್ರಾಂ ಬರೆದುಕೊಟ್ರು. ಮೂರನೇ ದಿನದ ಶಿಫ್ಟಿನಲ್ಲಿ ಎಲ್ಲಾ ಪೀಸೂ ಪಾಸಾದವು. ಅವತ್ತೇ ಸಂಜೆ 4.80 ಲಕ್ಷಕ್ಕೆ ಬ್ಯಾಂಕಿಗೆ ಪತ್ರ ಕಳಿಸಿದೆ. ಗುರುತು ಮುಟ್ಟಿದ ದಿನವೇ ಕೊಡೋದು ಮುಖ್ಯ. ಅಲ್ಲಿ ನಾವು ಎಳೆದಾಡಿದ್ರೆ ಮುಂದಿನ ಸಲ ಯಾರೂ ಕಂತಿಗೆ ಒಪ್ಪಲ್ಲ.

ಕೊನೇ ಕಂತನ್ನು ವರ್ಷಗಟ್ಟಲೆ ಇಟ್ಕೊಳ್ಳೋ ಆಸೆ ಬೇಡ. ಜಿಎಸ್‌ಟಿ ಕಾಯ್ದೆಯ ಪ್ರಕಾರ ಇನ್‌ವಾಯ್ಸ್ ತಾರೀಖಿನಿಂದ 180 ದಿನದೊಳಗೆ ಮಾರಿದವರಿಗೆ ಹಣ ಸಂದಾಯವಾಗಬೇಕು. ಇಲ್ಲದಿದ್ರೆ ಬಾಕಿ ಉಳಿದ ಭಾಗಕ್ಕೆ ತಕ್ಕ ಇನ್‌ಪುಟ್ ಕ್ರೆಡಿಟನ್ನು ಬಡ್ಡಿ ಸಮೇತ ವಾಪಸ್ ಕಟ್ಟಬೇಕು. ಬಾಕಿ ಕೊಟ್ಟ ಮೇಲೆ ಕ್ರೆಡಿಟ್ ಮತ್ತೆ ಸಿಗುತ್ತೆ, ಆದ್ರೆ ಬಡ್ಡಿ ಹೋಗಿದ್ದು ಹೋಯ್ತು. ಲೆಕ್ಕ ಶುರುವಾಗೋದು ಕಮಿಷನಿಂಗಿನಿಂದಲ್ಲ, ಇನ್‌ವಾಯ್ಸಿನಿಂದ ಅನ್ನೋದನ್ನ ನೆನಪಿಡಿ. ದಾರಿ, ಫೌಂಡೇಶನ್, ಟ್ರಯಲ್ ಎಲ್ಲ ಸೇರಿ ಎರಡು ತಿಂಗಳು ಹಿಡಿದ್ರೂ, ಅದರ ಮೇಲೆ 60 ದಿನ ಅಂದ್ರೆ ಗಡುವಿನೊಳಗೇ ಇರ್ತೀವಿ.

ಆ 60 ದಿನದಲ್ಲಿ ಕೂಲೆಂಟ್ ಪಂಪು ಒಂದು ಸಲ ಕೈಕೊಟ್ಟಿತು, ಟೂಲ್ ಚೇಂಜರ್ ಎರಡು ಸಲ ನಿಂತಿತು. ಫೋನ್ ಮಾಡಿದಾಗಲೆಲ್ಲ ಮೊದಲ ರಿಂಗಿಗೇ ಎತ್ತಿದ್ರು, ಮಾರನೇ ದಿನ ಮನುಷ್ಯ ಹಾಜರ್. ಅದು ನಮ್ಮ ಮೇಲಿನ ವಿಶ್ವಾಸವೋ 1.60 ಲಕ್ಷದ ಮೇಲಿನ ವಿಶ್ವಾಸವೋ ನಾನು ಕೇಳಲಿಲ್ಲ.