ಬಂಗಾರದ ಬಿಲ್ಲಿನ ಎರಡು ಸಾಲು

ಒಣದ್ರಾಕ್ಷಿ ಮಾರಿದ ದುಡ್ಡಿನಲ್ಲಿ ಮಗಳ ಮದುವೆಗೆ ಸರ ತರಲು ಬಬಲೇಶ್ವರದ ನನ್ನ ತಂಗಿ ವಿಜಯಪುರಕ್ಕೆ ಹೋಗಿದ್ದಳು. ದುಡ್ಡು ಕೊಡುವ ಮೊದಲು ಬಿಲ್ಲಿನ ಫೋಟೊ ಕಳಿಸಿ, “ಅಣ್ಣಾ, ಇದು ಬರೋಬರಿ ಐತೇನು?” ಎಂದಳು. ಅಷ್ಟೇ ಪ್ರಶ್ನೆ.

ಯಂತ್ರದಲ್ಲಿ ಮಾಡಿದ 10 ಗ್ರಾಂ ಸರ. ಗ್ರಾಂಗೆ 9,000ದಂತೆ ಬಂಗಾರಕ್ಕೆ 90,000 ರೂಪಾಯಿ. ಅದು ಆ ದಿನದ 22 ಕ್ಯಾರೆಟ್ ದರವೇ. ಕೆಳಗೆ ವೇಸ್ಟೇಜ್ ಶೇ 8, ಅಂದರೆ 7,200. ಮಜೂರಿ 5,000. ಎಲ್ಲದರ ಮೇಲೆ ಶೇ 3ರಂತೆ ಜಿಎಸ್‌ಟಿ 3,066.

ಮಜೂರಿ ಎಂದರೆ ಕೆಲಸದ ಕೂಲಿ. ವೇಸ್ಟೇಜ್ ಎಂದರೆ ಪತ್ತಾರರು ಅರದಿಂದ ಉಜ್ಜುವಾಗ ಪುಡಿಯಾಗಿ ಹೋಗುವ ಬಂಗಾರದ ಲೆಕ್ಕ. (ಆ ಪುಡಿಯನ್ನೂ ಗುಡಿಸಿ ಕರಗಿಸುತ್ತಾರೆ, ಬಿಡಿ!) ಯಂತ್ರದ ಸರದಲ್ಲಿ ಈ ನಷ್ಟ ಕಡಿಮೆ. ತಂಗಿ 10.8 ಗ್ರಾಂಗೆ ದುಡ್ಡು ಕೊಟ್ಟರೂ ಕೊರಳಿಗೆ ಬೀಳುವುದು ಹತ್ತೇ ಗ್ರಾಂ. ಮುಂದೆ ಮಾರಿದರೆ ತಕ್ಕಡಿಗೆ ಬರುವುದೂ ಹತ್ತೇ.

“ಎರಡನ್ನೂ ಕೂಡಿಸವ್ವಾ, 12,200 ಆಯಿತು. ಗ್ರಾಂಗೆ 1,220” ಎಂದೆ. ಕೈಯಿಂದ ಮಾಡಿದ ಕುಸುರಿ ಒಡವೆಯಾಗಿದ್ದರೆ ಒಪ್ಪುತ್ತಿದ್ದೆ. ಸಾದಾ ಸರಕ್ಕೆ ಜಾಸ್ತಿ ಅನ್ನಿಸಿತು. “ವೇಸ್ಟೇಜ್ ಇಳಿಸಿದೆವು ಅಂದರೆ ಮಜೂರಿ ಏರಿತೇನು ನೋಡು. ಬೇರೆ ಅಂಗಡಿಯಲ್ಲೂ ಎರಡೂ ಸೇರಿ ಗ್ರಾಂಗೆ ಎಷ್ಟು ಅಂತಲೇ ಕೇಳು.”

ಎರಡನೇ ಅಂಗಡಿಯವರು ಅಂಥದೇ ಸರಕ್ಕೆ 850 ಹೇಳಿದರು. ತಂಗಿ ಮೂರನೆಯದಕ್ಕೆ ನಡೆದಳು.