ಏರುವವರಿಗೆ ಮೊದಲು ದಾರಿ

ಎಲ್‌ಎಲ್ ಟೆಸ್ಟಿಗೆ ಓದುವಾಗ ಪ್ರಶ್ನೆಕೋಶದ ಒಂದು ಪ್ರಶ್ನೆ ಪ್ರತಿ ಸಲ ತಪ್ಪುತ್ತಿತ್ತು: ಕಡಿದಾದ, ಕಿರಿದಾದ ರಸ್ತೆಯಲ್ಲಿ ಮೊದಲು ಯಾರಿಗೆ ದಾರಿ? ಇಳಿಯೋ ಗಾಡಿ ನಿಲ್ಲಿಸೋದು ಕಷ್ಟ, ಅದಕ್ಕೇ ಬಿಡಬೇಕು ಅನ್ನೋದು ನನ್ನ ಲೆಕ್ಕ. ಸರಿ ಉತ್ತರ, ಏರುವ ವಾಹನಕ್ಕೆ. 1989ರ ರಸ್ತೆ ನಿಯಮಗಳಲ್ಲೇ ಹಾಗಿತ್ತು. ಬಾಯಿಪಾಠ ಮಾಡಿ ಪಾಸಾದೆ.

ಅರ್ಥವಾಗಿದ್ದು ಮೇಳಿಗೆಯಲ್ಲಿ, ನಮ್ಮನೆ ದಾರಿಯ ಏರಿನಲ್ಲಿ. ಎಲ್ ಬೋರ್ಡಿನ ಕಾರಲ್ಲಿ ನಾನು ಇಳೀತಿದ್ದೆ, ಪಕ್ಕದಲ್ಲಿ ಅಪ್ಪಯ್ಯ. ಕೆಳಗಿಂದ ಅಡಿಕೆ ಮೂಟೆ ತುಂಬಿದ ಪಿಕಪ್ ಬರ್ತಿತ್ತು. ಒಂದು ಕಡೆ ಧರೆ, ಇನ್ನೊಂದು ಕಡೆ ಚರಂಡಿ. ನಾನು ನಿಲ್ಲಿಸಲಿಲ್ಲ, ಪಿಕಪ್‌ನವರು ನಿಲ್ಲಿಸಿದರು. ಮತ್ತೆ ಹೊರಡೋಕೆ ಬ್ರೇಕ್ ಬಿಟ್ಟಿದ್ದೇ ಗಾಡಿ ಹಿಂದಕ್ಕೆ ಜಾರಿತು. ಹಿಂದಿನ ಚಕ್ರ ಚರಂಡಿಯ ಅಂಚಿಗೆ ಬಂದು ನಿಂತಿತು. ಕ್ಲಚ್ ಸುಟ್ಟ ವಾಸನೆ. ನನ್ನ ಕೈ ನಡುಗ್ತಿತ್ತು.

"ಏರೋನು ಒಮ್ಮೆ ನಿಂತ್ರೆ ಭಾರ ಹಿಂದಕ್ಕೆ ಎಳೀತದೆ. ನೀನು ಎರಡನೇ ಗೇರಲ್ಲಿ ನಿಧಾನಕ್ಕೆ ಇಳಿದಿದ್ರೆ, ಮೇಲೆ ಅಗಲ ಇದ್ದಲ್ಲೇ ನಿಲ್ಲಬಹುದಿತ್ತು," ಅಂದರು ಅಪ್ಪಯ್ಯ.

ಆ ಪ್ರಶ್ನೆಯಲ್ಲಿ 'ಕಿರಿದಾದ' ಅನ್ನೋ ಪದವನ್ನ ನಾನು ಗಮನಿಸಿರಲೇ ಇಲ್ಲ. ರಸ್ತೆ ಅಗಲವಿದ್ದರೆ ಇಬ್ಬರೂ ತಮ್ಮ ತಮ್ಮ ಎಡಕ್ಕೆ ಹೋಗ್ತಾರೆ, ಯಾರೂ ಕಾಯಬೇಕಿಲ್ಲ. ಈಗ ಆಗುಂಬೆ ಘಾಟಿ ಇಳಿಯುವಾಗ, ಮುಂದಿನ ತಿರುವಿಗೂ ಮೊದಲು ಎಲ್ಲಿ ನಿಲ್ಲಬಹುದು ಅಂತ ನೋಡ್ಕೋತೀನಿ.